ಎರಡರಾಗೂ ಹಿಂದ ಇರೋ ದೇಶ ಏನ್ ಮಾರತೈತಿ? ಜೋಳ-ಬಟ್ಟಿ ಲೆಕ್ಕ

ಓದುವ ಕೋಣೆ, ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ಪರೀಕ್ಷೆಗೆ ಅರ್ಥಶಾಸ್ತ್ರ ಓದಾಕತ್ತೀನಿ, ಒಂದು ಲೆಕ್ಕದಾಗ ಸಿಕ್ಕಿಬಿದ್ದೀನಿ. ಎರಡು ದೇಶ, ಮೂಡಲ ಮತ್ತ ಪಡುವಲ ಅಂತ ಇಟ್ಕೋರಿ. ಮೂಡಲದಾಗ ಒಂದು ಕ್ವಿಂಟಲ್ ಜೋಳ ಬೆಳೀಲಿಕ್ಕೆ 10 ತಾಸಿನ ದುಡಿಮಿ ಬೇಕು, ಒಂದು ಥಾನು ಬಟ್ಟಿ ನೇಯಲಿಕ್ಕೆ 20 ತಾಸು. ಪಡುವಲದಾಗ ಜೋಳಕ್ಕೂ 30 ತಾಸು, ಬಟ್ಟಿಗೂ 30 ತಾಸು. ಎರಡೂ ಕಡೆ ಒಟ್ಟು ದುಡಿಮಿ 1200 ತಾಸು.

ಉತ್ತರದಾಗ "ಪಡುವಲ ಬಟ್ಟೆ ಮಾರಬೇಕು" ಅಂತ ಕೊಟ್ಟಾರ. 20 ತಾಸಿನಾಗ ತಾನ ನೇಯೋ ಮೂಡಲ, 30 ತಾಸು ಹಿಡಿಯೋ ಪಡುವಲದ ಬಟ್ಟಿ ಯಾಕ ತಗೋತೈತಿ? ಉತ್ತರ ತಪ್ಪು ಅಚ್ಚಾಗೇತೇನ್ರಿ?

ಟಿಳಕವಾಡಿ ಮಾಸ್ತರ, ಬೆಳಗಾವಿ

ಉತ್ತರ ಸರಿ ಐತಿ. ನೀವು 20ನ್ನ 30ರ ಜೊತೆ ಹೋಲಿಸಿದ್ದು ಬ್ಯಾಡಾಗಿತ್ತು. ಮೂಡಲದ ತಾಸು ಪಡುವಲಕ್ಕ ಹೋಗಂಗಿಲ್ಲ, ಅಲ್ಲಿಂದು ಇಲ್ಲಿಗೆ ಬರಂಗಿಲ್ಲ. ಗಡಿ ದಾಟೋದು ಜೋಳ ಮತ್ತ ಬಟ್ಟಿ ಅಷ್ಟ. ಹಂಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಆಯಾ ದೇಶದೊಳಗ ಒಂದು ಥಾನು ಬಟ್ಟಿ ನೇಯಬೇಕಂದ್ರ ಎಷ್ಟು ಜೋಳ ಕೈಬಿಡಬೇಕು?

ಮೂಡಲದಾಗ ಒಂದು ಥಾನಿಗೆ 20 ತಾಸು. ಅಷ್ಟು ತಾಸಿನಾಗ 2 ಕ್ವಿಂಟಲ್ ಜೋಳ ಬರತಿತ್ತು. ಅಂದ್ರ ಮೂಡಲದವರಿಗೆ ಬಟ್ಟಿಯ ನಿಜವಾದ ಖರ್ಚು 2 ಕ್ವಿಂಟಲ್ ಜೋಳ. ಪಡುವಲದಾಗ ಒಂದು ಥಾನಿಗೆ 30 ತಾಸು, ಅದರಾಗ ಬರತಿದ್ದ ಜೋಳ 1 ಕ್ವಿಂಟಲ್. ಬಟ್ಟಿ ಯಾರಲ್ಲಿ ಸೋವಿ ಆತು? ಪಡುವಲದಾಗ. ಅದನ್ನ ತಿರುಗಿಸಿ ನೋಡಿದ್ರ ಒಂದು ಕ್ವಿಂಟಲ್ ಜೋಳಕ್ಕ ಮೂಡಲ ಅರ್ಧ ಥಾನು ಬಿಡತೈತಿ, ಪಡುವಲ ಒಂದು ಪೂರಾ ಥಾನು ಬಿಡತೈತಿ. ಜೋಳ ಮೂಡಲದಾಗ ಸೋವಿ. ಒಂದೇ ದೇಶ ಎರಡೂ ಸರಕಿನಾಗ ಈ ಲೆಕ್ಕದಿಂದ ಸೋವಿ ಆಗಲಿಕ್ಕೆ ಸಾಧ್ಯನೇ ಇಲ್ಲ, ಯಾಕಂದ್ರ ಒಂದು ಅನುಪಾತ ಇನ್ನೊಂದರ ತಲೆಕೆಳಗು. ಪುಸ್ತಕದಾಗ ತುಲನಾತ್ಮಕ ಅನುಕೂಲ ಅಂತ ಬರೆಯೋದು ಇದನ್ನ.

ಈಗ ಮಾಲು ಎಣಿಸೋಣ. ವ್ಯಾಪಾರ ಇಲ್ಲದಾಗ ಎರಡೂ ದೇಶ ತಾಸುಗಳನ್ನ ಅರ್ಧರ್ಧ ಹಂಚಿದಾವು ಅಂತ ತಿಳೀರಿ. ಮೂಡಲ: 60 ಕ್ವಿಂಟಲ್ ಜೋಳ, 30 ಥಾನು. ಪಡುವಲ: 20 ಕ್ವಿಂಟಲ್, 20 ಥಾನು. ಕೂಡಿಸಿದ್ರ 80 ಕ್ವಿಂಟಲ್, 50 ಥಾನು.

ಪಡುವಲ ಜೋಳ ಬಿಟ್ಟು ಬರೇ ನೇಯ್ದರ 40 ಥಾನು. ಮೂಡಲ 200 ತಾಸು ಮಗ್ಗಕ್ಕ ಇಟ್ಟು 10 ಥಾನು ನೇಯ್ದು, ಉಳಿದ 1000 ತಾಸಿನಾಗ 100 ಕ್ವಿಂಟಲ್ ಬೆಳೀತೈತಿ. ಒಟ್ಟು ಥಾನು ಮೊದಲಿನಂಗ 50, ಜೋಳ ಮಾತ್ರ 100. ಯಾರೂ ಒಂದು ತಾಸು ಹೆಚ್ಚಿಗಿ ದುಡಿಲಿಲ್ಲ, ಹೊಸ ಮಷಿನ್ ಬರಲಿಲ್ಲ, 20 ಕ್ವಿಂಟಲ್ ಜೋಳ ಹೆಚ್ಚಾತು. ಒಂದು ಥಾನಿಗೆ ಒಂದೂವರಿ ಕ್ವಿಂಟಲ್ ದರದಾಗ ಪಡುವಲ 20 ಥಾನು ಕೊಟ್ಟು 30 ಕ್ವಿಂಟಲ್ ತಂದ್ರ, ಎರಡೂ ದೇಶಕ್ಕ ಮೊದಲಿನಷ್ಟೇ ಬಟ್ಟಿ, ತಲಾ 10 ಕ್ವಿಂಟಲ್ ಜಾಸ್ತಿ ಜೋಳ.

ಶಹಾಪುರ ಪೇಟೆ, ಬೆಳಗಾವಿ

ಇಷ್ಟ್ಯಾಕ ಸುತ್ತಿ ಬಳಸಿ ಹೇಳ್ತೀರಿ ಸರ್? ಪಡುವಲದಾಗ ಕೂಲಿ ಕಡಿಮಿ ಇರತೈತಿ, ಅದಕ್ಕ ಬಟ್ಟಿ ಸೋವಿ ಬೀಳತೈತಿ, ಅದಕ್ಕ ಮಾರ್ತಾರ. ಪೇಟೆದಾಗ ಯಾರೂ ಜೋಳದ ಲೆಕ್ಕದಾಗ ಬಟ್ಟಿ ತಗೊಳ್ಳಂಗಿಲ್ಲ, ರೂಪಾಯಿ ನೋಡ್ತಾರ.

ಟಿಳಕವಾಡಿ ಮಾಸ್ತರ

ರೂಪಾಯಿನೇ ನೋಡೋಣ ತಗೋರಿ, ನಿಮ್ಮ ಮಾತು ಅರ್ಧ ಖರೆ ಐತಿ. ಮೂಡಲದಾಗ ತಾಸಿಗೆ 90 ರೂಪಾಯಿ ಕೂಲಿ ಅಂತ ಹಿಡೀರಿ. ಅಲ್ಲಿ ಜೋಳ ಕ್ವಿಂಟಲ್‌ಗೆ 900, ಥಾನು 1800. ಪಡುವಲದ ಕೂಲಿ 45 ಇದ್ರ ಜೋಳ 1350, ಥಾನೂ 1350. ಬಟ್ಟಿ ಪಡುವಲದಿಂದ ಹೊಂಡತೈತಿ, ಜೋಳ ಮೂಡಲದಿಂದ. 1350 ಭಾಗ 900 ಅಂದ್ರ ಒಂದೂವರಿ, ಮ್ಯಾಲೆ ಹೇಳಿದ ದರನ ಬಂತು.

ಕೂಲಿ ಕಡಿಮಿ ಇದ್ರ ಸಾಕು ಅಂತೀರಲ್ಲ, 25ಕ್ಕ ಇಳಿಸಿ ನೋಡ್ರಿ. ಜೋಳ 750, ಥಾನು 750. ಎರಡೂ ಪಡುವಲದಾಗೇ ಸೋವಿ. ಆಗ ಎಲ್ಲಾರೂ ಪಡುವಲಕ್ಕ ಓಡ್ತಾರ, ಮೂಡಲದಿಂದ ಯಾರೂ ಏನೂ ತಗೊಳ್ಳಂಗಿಲ್ಲ, ರೊಕ್ಕ ಎಲ್ಲಾ ಪಡುವಲದಾಗ ಕೂಡತೈತಿ. ಅಲ್ಲಿ ಆಳು ಸಿಗದಂಗಾಗಿ ಕೂಲಿ ಏರತೈತಿ, ಇಲ್ಲಾ ಅದರ ನಾಣ್ಯದ ಬೆಲಿ ಏರತೈತಿ. ಉಲ್ಟಾ, ಕೂಲಿ 70 ಮಾಡ್ರಿ. ಎರಡೂ 2100 ಬೀಳತಾವು, ಪಡುವಲದ ಒಂದು ಎಳಿನೂ ಮಾರಾಟ ಆಗಂಗಿಲ್ಲ, ಕೂಲಿ ಅಥವಾ ನಾಣ್ಯ ಇಳೀಲೇಬೇಕು. ಕೂಲಿ 30ರಿಂದ 60ರೊಳಗ ಬಂದ ಮ್ಯಾಲೇ ಎರಡೂ ಕಡೆ ಮಾಲು ಓಡಾಡತೈತಿ.

30, 60 ಎಲ್ಲಿಂದ ಬಂದಾವು? ಜೋಳದಾಗ ಪಡುವಲದ ಆಳು ಮೂಡಲದ ಆಳಿನ ಮೂರರಲ್ಲಿ ಒಂದು ಪಾಲು ಕೆಲಸ ಮಾಡ್ತಾನ, ಬಟ್ಟಿದಾಗ ಮೂರರಲ್ಲಿ ಎರಡು ಪಾಲು. 90ರಾಗ ಆ ಪಾಲುಗಳು 30 ಮತ್ತ 60. ಒಂದು ಸರಕನ್ನ ಇನ್ನೊಬ್ಬರಿಗಿಂತ ಕಡಿಮಿ ತಾಸಿನಾಗ ಮಾಡೋದಕ್ಕ ನಿರಪೇಕ್ಷ ಅನುಕೂಲ ಅಂತಾರ, ಅದು ಕೂಲಿ ಎಷ್ಟಿರಬೇಕು ಅನ್ನೋದನ್ನ ಹೇಳತೈತಿ. ಯಾರು ಏನು ಮಾರಬೇಕು ಅನ್ನೋದನ್ನ ಹೇಳಂಗಿಲ್ಲ. ಎರಡರಾಗೂ ಹಿಂದ ಇರೋ ದೇಶದವರು ಬಡವರಾಗಿರ್ತಾರ, ಖರೆ. ಮಾರಲಿಕ್ಕೆ ಸರಕಿಲ್ಲದವರಾಗಿ ಮಾತ್ರ ಇರಂಗಿಲ್ಲ.

ಶಹಾಪುರ ಪೇಟೆ

ಲೆಕ್ಕ ಕೂಡ್ತು. ಆದ್ರ ಕೂಲಿ 70 ಇದ್ದದ್ದು 45ಕ್ಕ ಇಳೀಲಿಕ್ಕೆ ಯಾರು ಒಪ್ತಾರ್ರಿ? ನಾಣ್ಯ ಇಳಿಯೋದೂ ಒಂದು ರಾತ್ರಿದಾಗ ಆಗಂಗಿಲ್ಲ. ಅಷ್ಟರಾಗ ಮಗ್ಗ ಮುಚ್ಚಿರ್ತಾವು.

ನವನಗರ ಅಕ್ಕ, ಬಾಗಲಕೋಟೆ

ಪೇಟೆ ಅಣ್ಣಾರ ಮಾತು ನಿಜ. ಆ ನಡುವಿನ ಹೊತ್ತಿನ ನಿರುದ್ಯೋಗ ಈ ಲೆಕ್ಕದೊಳಗ ಕಾಣೋದೇ ಇಲ್ಲ. ಎಲ್ಲಾ 1200 ತಾಸಿಗೂ ಕೆಲಸ ಐತಿ ಅಂತ ಮೊದಲೇ ಹಿಡಿದುಬಿಟ್ಟೀವಿ.

ಆದರ ನನ್ನ ತಕರಾರು ಮಾಸ್ತರ ಮೊದಲನೇ ಉತ್ತರದ ಮ್ಯಾಲೆ. ಒಂದೂವರಿ ದರದಾಗ ಮೂಡಲ ಇನ್ನೂ 10 ಥಾನು ನೇಯತೈತಿ ಅಂದ್ರಿ. ಯಾರು ನೇಯ್ತಾರ? ಮೂಡಲದ ನೇಕಾರ 20 ತಾಸು ದುಡಿದು ಒಂದು ಥಾನು ಮಾಡಿದ್ರ ಪೇಟೆದಾಗ ಒಂದೂವರಿ ಕ್ವಿಂಟಲ್ ಸಿಗತೈತಿ. ಅದೇ 20 ತಾಸು ಹೊಲದಾಗ ದುಡಿದ್ರ 2 ಕ್ವಿಂಟಲ್. ಒಬ್ಬನೂ ಮಗ್ಗದ ಹತ್ರ ಕೂಡಂಗಿಲ್ಲ. ಯೋಜನಾ ಆಯೋಗ ಕುಂತು ತಾಸು ಹಂಚಿದ್ರ ನಿಮ್ಮ ಹಂಚಿಕಿ ನಡದೀತು, ಪೇಟೆದಾಗ ನಡಿಯಂಗಿಲ್ಲ.

ಮುಂದೇನಾಗತೈತಿ ನೋಡ್ರಿ. ಮೂಡಲ ಪೂರಾ ಜೋಳಕ್ಕ ಇಳಿದ್ರ 120 ಕ್ವಿಂಟಲ್, ಬಟ್ಟಿ ಸೊನ್ನೆ. ಜಗತ್ತಿನಾಗ ಇರೋದು ಪಡುವಲದ 40 ಥಾನು ಅಷ್ಟ. ಮೊದಲು 50 ಇತ್ತು. ಮೂಡಲದವರಿಗೆ ಮೊದಲಿನಂಗ 30 ಥಾನು ಬೇಕು, ಪಡುವಲದವರು 20 ಇಟ್ಟುಕೊಂಡು ಉಳಿದ 20 ಮಾರ್ತಾರ. 10 ಥಾನು ಕಡಿಮಿ ಬಿತ್ತು. ಬಟ್ಟಿ ದರ ಒಂದೂವರಿಯಿಂದ ಮ್ಯಾಲೆ ಏರತೈತಿ. ಎಷ್ಟರ ಮಟ? ಎರಡರ ಮಟ. ಎರಡು ಮುಟ್ಟಿದ ಕೂಡ್ಲೆ ಮೂಡಲದ ನೇಕಾರನಿಗೆ ಹೊಲ ಮತ್ತ ಮಗ್ಗ ಸರಿಸಮ ಆಗತಾವು, ಆತ ಮತ್ತ 10 ಥಾನು ನೇಯಲಿಕ್ಕೆ ಕೂಡ್ತಾನ.

ಆ ದರದಾಗ ಪಡುವಲ 20 ಥಾನು ಕೊಟ್ಟು 40 ಕ್ವಿಂಟಲ್ ತರತೈತಿ. ಮೊದಲು ಅದರ ಕಡೆ ಇದ್ದದ್ದು 20 ಕ್ವಿಂಟಲ್. ಮೂಡಲದ ಕಡೆ 100ರಾಗ 40 ಹೋಗಿ 60 ಕ್ವಿಂಟಲ್, 30 ಥಾನು. ಅಂದ್ರ ವ್ಯಾಪಾರಕ್ಕಿಂತ ಮೊದಲು ಇದ್ದಷ್ಟೇ! ಹೆಚ್ಚಾದ 20 ಕ್ವಿಂಟಲ್ ಪೂರ್ತಿ ಪಡುವಲದ ಪಾಲು. ಎರಡರಾಗೂ ಹಿಂದ ಇದ್ದ, ಸಣ್ಣ ದೇಶ ಲಾಭ ಎಲ್ಲಾ ಹೊತ್ತುಕೊಂಡು ಹೋತು.

ಟಿಳಕವಾಡಿ ಮಾಸ್ತರ

ಒಪ್ಪಿದೆ ಅಕ್ಕಾರ. ತಲಾ 10 ಅಂತ ಸಮ ಪಾಲು ತೋರಿಸೋ ಆಸೆಗೆ ದರವನ್ನ ನಾನೇ ನಡುವ ಕೂಡಿಸಿದ್ದೆ. ದರ ಒಂದು ಮತ್ತ ಎರಡರ ನಡುವ ಇರತೈತಿ ಅನ್ನೋದಷ್ಟನ್ನೇ ದುಡಿಮಿಯ ತಾಸು ಹೇಳತಾವು. ನಡುವ ಎಲ್ಲಿ ನಿಲ್ಲತೈತಿ ಅನ್ನೋದು ಯಾರಿಗೆ ಯಾವುದು ಎಷ್ಟು ಬೇಕು ಅನ್ನೋದರ ಮ್ಯಾಲೆ. ಈ ತುಲನಾತ್ಮಕ ಲೆಕ್ಕಕ್ಕ ಹೆಸರಾದ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರಿಕಾರ್ಡೊ ಇದನ್ನ ಬಿಟ್ಟಿದ್ದ, ಜಾನ್ ಸ್ಟುವರ್ಟ್ ಮಿಲ್ ಮುಂದ ಬಂದು ತುಂಬಿದ.

ಒಂದು ಸಣ್ಣ ಸೇರ್ಪಡೆ. ಎರಡು ಅನ್ನೋ ದರ ನಿಂತದ್ದು ಮೂಡಲದವರು 30 ಥಾನು ಬೇಕೇ ಬೇಕು ಅಂತ ಹಟ ಹಿಡಿದದ್ದಕ್ಕ. ಬಟ್ಟಿ ತುಟ್ಟಿ ಆದಾಗ ಅವರು ಕಡಿಮಿ ಉಟ್ಟರ, ದರ ಎರಡಕ್ಕಿಂತ ಕೆಳಗೇ ನಿಂತೀತು, ಮೂಡಲಕ್ಕೂ ಪಾಲು ಸಿಕ್ಕೀತು.

ತಿಕೋಟಾ ದ್ರಾಕ್ಷಿ, ವಿಜಯಪುರ

ನಮ್ಮದೂ ಇದೇ ಹಣೆಬರಹ ಐತ್ರಿ. ನಮ್ಮ ಕಡೆ ಎಕರೆಗೆ ದ್ರಾಕ್ಷಿ ಇಳುವರಿ ಚಲೋ ಬರತೈತಿ, ಬಿಸಿಲು ಚಲೋ, ಒಣದ್ರಾಕ್ಷಿ ಚಲೋ ಆಗತೈತಿ. ಆದ್ರೂ ಅಫ್ಘಾನಿಸ್ತಾನದ ಒಣದ್ರಾಕ್ಷಿ ಬಂದು ಪೇಟೆದಾಗ ಕೂಡತೈತಿ. ತುಲನಾತ್ಮಕ ಅನುಕೂಲ ನಮಗ ಐತಿ ಅಂದ ಮ್ಯಾಲೆ ಹೊರಗಿನ ಮಾಲು ಯಾಕ ಬರಬೇಕು?

ನವನಗರ ಅಕ್ಕ

ಅಣ್ಣಾ, ಎಕರೆಗೆ ಇಷ್ಟು ಇಳುವರಿ ಅನ್ನೋದು ನಿರಪೇಕ್ಷ ಅನುಕೂಲದ ಮಾತು. ತುಲನಾತ್ಮಕ ನೋಡಬೇಕಂದ್ರ ಆ ಎಕರೆ, ಆ ನೀರು, ಆ ಆಳು ದ್ರಾಕ್ಷಿ ಬಿಟ್ಟು ಬ್ಯಾರೆ ಏನು ಕೊಡತಿದ್ದವು ಅಂತ ಕೇಳಬೇಕು. ನಿಮ್ಮ ಹೊಲದಾಗ ಕಬ್ಬೂ ಬರತೈತಿ, ಲಿಂಬಿನೂ ಬರತೈತಿ. ಬಿಟ್ಟುಕೊಡೋದು ಜಾಸ್ತಿ ಇದ್ದಷ್ಟೂ ನಿಮ್ಮ ದ್ರಾಕ್ಷಿ ತುಟ್ಟಿ. ಅಲ್ಲಿಯ ಒಣ ಗುಡ್ಡದ ಭೂಮಿಗೆ ಹಣ್ಣು ಬಿಟ್ಟರ ಬ್ಯಾರೆ ಹಾದಿ ಕಡಿಮಿ, ಅದಕ್ಕ ಎಕರೆಗೆ ಕಡಿಮಿ ಬಂದ್ರೂ ಅವರದು ಸೋವಿ ಆಗಬಹುದು.

ಆದ್ರ ಈ ಜೋಳ-ಬಟ್ಟಿ ಲೆಕ್ಕ ಇಟ್ಟುಕೊಂಡು ನಿಮ್ಮ ಒಣದ್ರಾಕ್ಷಿ ದರ ತೀರ್ಮಾನ ಮಾಡಬ್ಯಾಡ್ರಿ. ನಮ್ಮ ಲೆಕ್ಕದಾಗ ತಾಸು ಇವತ್ತು ಮಗ್ಗದಾಗ, ನಾಳೆ ಹೊಲದಾಗ. ದ್ರಾಕ್ಷಿ ಬಳ್ಳಿ ಹಂಗಲ್ಲ. ಕಲ್ಲಿನ ಕಂಬ, ತಂತಿ ಚಪ್ಪರ, ಹನಿ ನೀರಾವರಿ ಪೈಪು, ಒಣಗಿಸೋ ಶೆಡ್ಡು, ಇವನ್ನ ಕಿತ್ತು ಲಿಂಬಿ ಗಿಡ ಮಾಡಲಿಕ್ಕೆ ಆಗಂಗಿಲ್ಲ. ಹಾಕಿದ ರೊಕ್ಕ ಮಣ್ಣಾಗ ಕುಂತಿರತೈತಿ. ದರ ಬಿದ್ದರೂ ಆಳಿನ ಕೂಲಿ ಮತ್ತ ಔಷಧದ ಖರ್ಚು ಹುಟ್ಟೋತನಕ ಬೆಳೀತಾನ ಇರ್ತೀರಿ. ಅದರ ಮ್ಯಾಲೆ ಆಮದು ಸುಂಕ ಎಷ್ಟು, ಯಾವ ದೇಶಕ್ಕ ರಿಯಾಯಿತಿ ಐತಿ ಅನ್ನೋದು ಬ್ಯಾರೆ ಕಥಿ.

ತಿಕೋಟಾ ದ್ರಾಕ್ಷಿ

ಕಂಬ-ತಂತಿ ಮಾತು ಮಾತ್ರ ಲಾಖ್ ರೂಪಾಯಿದು. ಸುಂಕದ ಬಗ್ಗೆ ಯಾರಾದ್ರೂ ಬ್ಯಾರೆ ಚರ್ಚೆ ಹಚ್ಚರಿ.

ಬನಹಟ್ಟಿ ಮಗ್ಗ, ಬಾಗಲಕೋಟೆ

ಮೂಡಲದ ನೇಕಾರ ಮಗ್ಗ ಬಿಟ್ಟು ಹೊಲಕ್ಕ ಹೋಗ್ತಾನ ಅಂತ ಎಷ್ಟು ಹಗುರಾಗಿ ಬರದ್ರಿ. ಹಾಸು ಹಾಕೋ ಕೈ ಕುಡುಗೋಲು ಹಿಡೀಲಿಕ್ಕೆ ಬರತೈತೇನು? ಹೊಲ ಯಾರದು? ಆತಗ ನಷ್ಟ ಇಲ್ಲ ಅಂತ ಯಾವ ಲೆಕ್ಕ ಹೇಳತೈತಿ?

ನವನಗರ ಅಕ್ಕ

ಈ ಲೆಕ್ಕನ ಹೇಳತೈತಿ, ಅದೇ ಅದರ ದೋಷ. ಮೊದಲು ನೇಕಾರನ 20 ತಾಸಿಗೆ 2 ಕ್ವಿಂಟಲ್ ಸಿಗತಿತ್ತು, ಈಗ ಹೊಲದಾಗೂ 2 ಕ್ವಿಂಟಲ್, ದರ ಎರಡಕ್ಕಿಂತ ಕೆಳಗ ನಿಂತ್ರ ಬಟ್ಟಿ ಬ್ಯಾರೆ ಸೋವಿ, ಹಂಗಾಗಿ ಆತಗೂ ಲಾಭ ಅಂತ ಬರತೈತಿ. ಯಾಕಂದ್ರ ದುಡಿಮಿ ಒಂದೇ ನಮೂನಿ ಅಂತ ಹಿಡಿದೀವಿ. ಭೂಮಿ, ಬಂಡವಾಳ, ಕೈಚಳಕ ಅಂತ ಬ್ಯಾರೆ ಬ್ಯಾರೆ ಮಾಡಿದ ಕೂಡ್ಲೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಖರೇನ ನಷ್ಟ ಅಂತ ಹೊರಗ ಬರತೈತಿ. ಸ್ಟೋಲ್ಪರ್ ಮತ್ತ ಸ್ಯಾಮುಯೆಲ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು 1941ರಾಗ ಇದನ್ನ ತೋರಿಸಿದ್ರು. ದೇಶದ ಒಟ್ಟು ಮಾಲು ಹೆಚ್ಚಾಗತೈತಿ ಅನ್ನೋದು ಒಂದು ಮಾತು, ನಿಮ್ಮ ಓಣಿಗೆ ಎಷ್ಟು ಮುಟ್ಟತೈತಿ ಅನ್ನೋದು ಇನ್ನೊಂದು. ನಷ್ಟ ಆದವರಿಗೆ ತುಂಬಿಕೊಡೋವಷ್ಟು ಹೆಚ್ಚಿಗಿ ಮಾಲು ಇರತೈತಿ. ತುಂಬಿಕೊಡಲೇಬೇಕು ಅಂತ ಯಾರೂ ಬರಕೊಟ್ಟಿರಂಗಿಲ್ಲ.

ಬನಹಟ್ಟಿ ಮಗ್ಗ

ತುಂಬಿಕೊಟ್ಟದ್ದನ್ನ ಇನ್ನೂ ಕಂಡಿಲ್ಲ ಬಿಡ್ರಿ.

ಓದುವ ಕೋಣೆ

ಎಲ್ಲಾರಿಗೂ ಧನ್ಯವಾದ್ರಿ. ನಂದು ಇನ್ನೊಂದು ಗೊಂದಲ. ಮತ್ತೊಂದು ಲೆಕ್ಕದಾಗ "ಒಬ್ಬ ಆಳು ದಿನಕ್ಕ" ಅಂತ ಕೊಟ್ಟಾರ: ಮೊದಲ ದೇಶ ಜೋಳ 6, ಬಟ್ಟಿ 3. ಎರಡನೇ ದೇಶ ಜೋಳ 2, ಬಟ್ಟಿ 2. ನಾನು ಮೊದಲಿನಂಗ ಬಟ್ಟಿ ಅಂಕಿಯನ್ನ ಜೋಳದ ಅಂಕಿಯಿಂದ ಭಾಗಿಸಿದೆ, ಮೊದಲ ದೇಶದಾಗ ಬಟ್ಟಿ ಅರ್ಧ ಕ್ವಿಂಟಲ್ ಬಂತು, ಎರಡನೇದರಾಗ ಒಂದು. ಬಟ್ಟಿ ಮೊದಲ ದೇಶದ್ದೇ ಸೋವಿ ಅಂತ ಬರದೆ, ತಪ್ಪಾತು.

ಟಿಳಕವಾಡಿ ಮಾಸ್ತರ

ಅತಿ ಹೆಚ್ಚು ಮಂದಿ ಬೀಳೋ ತಗ್ಗು ಇದೇ. ಮೊದಲ ಲೆಕ್ಕದಾಗ ಇದ್ದದ್ದು ಖರ್ಚಿನ ತಾಸು, ಇಲ್ಲಿ ಇರೋದು ಬಂದ ಮಾಲು. ಭಾಗಾಕಾರ ತಿರುವಾಗಬೇಕು. ದಿನಕ್ಕ 6 ಕ್ವಿಂಟಲ್ ಅಥವಾ 3 ಥಾನು ಅಂದ್ರ ಒಂದು ಥಾನಿಗೆ 2 ಕ್ವಿಂಟಲ್ ಹೋಗತೈತಿ. ಎರಡನೇ ದೇಶದಾಗ 1 ಕ್ವಿಂಟಲ್. ಬಟ್ಟಿ ಎರಡನೇ ದೇಶದ್ದೇ. ಬೇಕಾದ್ರ ನೋಡ್ರಿ, ಆರು ಕ್ವಿಂಟಲ್-ಮೂರು ಥಾನು, ಎರಡು-ಎರಡು ಅನ್ನೋದು ನಮ್ಮ ಮೂಡಲ-ಪಡುವಲದ ಲೆಕ್ಕನ: 60 ತಾಸಿಗೆ ಎಷ್ಟು ಅಂತ ಬರದಾರ ಅಷ್ಟ.

ಸೂತ್ರ ಬಾಯಿಪಾಠ ಮಾಡಬ್ಯಾಡ್ರಿ. "ಒಂದು ಥಾನು ನೇಯ್ದರ ಎಷ್ಟು ಜೋಳ ಹೋತು?" ಅಂತ ಬಾಯಿಲೆ ಒಂದು ಸಲ ಕೇಳಿಕೊಂಡು ಆಮ್ಯಾಲೆ ಭಾಗಿಸ್ರಿ. ಪಟ್ಟಿಯ ತಲೆಬರಹ ಓದದ ಭಾಗಿಸಿದ್ರ ಉತ್ತರ ಸರಿಯಾಗಿ ತಲೆಕೆಳಗ ಬರತೈತಿ, ತಪ್ಪಾಗೇತಿ ಅಂತ ಸಂಶಯನೂ ಬರಂಗಿಲ್ಲ.

ರಿಕಾರ್ಡೊ 1817ರಾಗ ಕೊಟ್ಟ ಅಂಕಿ ಮ್ಯಾಲೆ ಒಮ್ಮೆ ಕೈ ಆಡಿಸ್ರಿ. ಇಂಗ್ಲೆಂಡಿನಾಗ ಬಟ್ಟಿಗೆ ಒಂದು ವರ್ಷಕ್ಕ 100 ಆಳು, ವೈನಿಗೆ 120. ಪೋರ್ಚುಗಲ್‌ನಾಗ ಬಟ್ಟಿಗೆ 90, ವೈನಿಗೆ 80. ಇವು ಖರ್ಚಿನ ಅಂಕಿ. ಎರಡರಾಗೂ ಪೋರ್ಚುಗಲ್ ಮುಂದ. ತನ್ನ ಊರಿನ ದೇಶವನ್ನೇ ಹಿಂದ ಇಟ್ಟು ಲೆಕ್ಕ ಮಾಡಿದ ಪುಣ್ಯಾತ್ಮ.

ಓದುವ ಕೋಣೆ

ಮಾಡಿದೆ ಸರ್. ಒಂದು ಬಟ್ಟಿಗೆ ಇಂಗ್ಲೆಂಡ್ 100 ಭಾಗ 120, ಅಂದ್ರ 0.83 ವೈನ್ ಬಿಡತೈತಿ. ಪೋರ್ಚುಗಲ್ 90 ಭಾಗ 80, 1.125 ವೈನ್. ಬಟ್ಟಿ ಇಂಗ್ಲೆಂಡಿನದು, ವೈನ್ ಪೋರ್ಚುಗಲ್‌ನದು. ಒಂದಕ್ಕೊಂದು ಬದಲಾಯಿಸಿದ್ರ ಇಂಗ್ಲೆಂಡ್ 220 ಆಳಿನ ಬದ್ಲಿ 200ರಾಗ ಮುಗಸತೈತಿ, ಪೋರ್ಚುಗಲ್ 170ರ ಬದ್ಲಿ 160ರಾಗ.

ಟಿಳಕವಾಡಿ ಮಾಸ್ತರ

ಬರೋಬ್ಬರಿ. ಆತ ಅಲ್ಲೇ ಇನ್ನೊಂದು ಮಾತು ಹೇಳಿದ್ದ, ಬಹಳ ಮಂದಿ ಅದನ್ನ ಹಾರಸ್ತಾರ. ಬಂಡವಾಳ ಮತ್ತ ಆಳು ಗಡಿ ದಾಟಿ ಸಲೀಸಾಗಿ ಹೋಗಂಗಿದ್ರ, ಬಟ್ಟಿ ವೈನ್ ಎರಡನ್ನೂ ಪೋರ್ಚುಗಲ್‌ನಾಗೇ ಮಾಡೋದು ಲಾಭ ಅಂತ. ಬೆಳಗಾವಿ ಮತ್ತ ಬಾಗಲಕೋಟಿ ನಡುವ ಆಳು ಬಸ್ ಹತ್ತಿ ಹೋಗ್ತಾರ, ಅಲ್ಲಿ ನಿರಪೇಕ್ಷ ಅನುಕೂಲನ ಕೆಲಸ ಮಾಡತೈತಿ. ತುಲನಾತ್ಮಕ ಲೆಕ್ಕ ಕೆಲಸಕ್ಕ ಬರೋದು ಹಾದಿ ಬಂದ್ ಇದ್ದಲ್ಲಿ.

ಶಹಾಪುರ ಪೇಟೆ

ಈಗಿನ ಕಾಲದಾಗ ಬಂಡವಾಳ ಒಂದು ಬಟನ್ ಒತ್ತಿದ್ರ ದೇಶ ದಾಟತೈತಿ. ಹಂಗಾದ್ರ ನಿಮ್ಮ ಪಡುವಲ ಲೆಕ್ಕ ಎಷ್ಟು ದಿನ ನಿಲ್ಲತೈತಿ?

ನವನಗರ ಅಕ್ಕ

ರೊಕ್ಕ ದಾಟತೈತಿ, ಆಳು ದಾಟಂಗಿಲ್ಲ. ಅರ್ಧ ಹಾದಿ ತೆರೆದಾಗ ಲೆಕ್ಕ ಏನಾಗತೈತಿ ಅನ್ನೋದರ ಮ್ಯಾಲೆ ಅರ್ಥಶಾಸ್ತ್ರಜ್ಞರೊಳಗೂ ಜಗಳ ಮುಗಿದಿಲ್ಲ. ನಾನೂ ಇಲ್ಲಿ ಮುಗಿಸಂಗಿಲ್ಲ.

ಓದುವ ಕೋಣೆ

ಕಡೀದು ಎರಡು ಕೇಳ್ತೀನಿ. ಪಡುವಲದಾಗ ಜೋಳಕ್ಕ 20, ಬಟ್ಟಿಗೆ 40 ತಾಸು ಇದ್ರ? ಮತ್ತ ಒಂದು ಥಾನು ಸಾಗಿಸಲಿಕ್ಕೆ ಅರ್ಧ ಕ್ವಿಂಟಲ್ ಜೋಳದಷ್ಟು ಬಾಡಿಗೆ ಬಿದ್ರ?

ನವನಗರ ಅಕ್ಕ

ಮೊದಲನೇದು: ಪಡುವಲದಾಗೂ ಥಾನಿಗೆ 2 ಕ್ವಿಂಟಲ್, ಮೂಡಲದಾಗೂ 2. ಅನುಪಾತ ಒಂದೇ ಆತು, ವ್ಯಾಪಾರದಿಂದ ಒಂದು ಕಾಳೂ ಹೆಚ್ಚಾಗಂಗಿಲ್ಲ. ಮೂಡಲ ಎರಡರಾಗೂ ಸರಿಯಾಗಿ ಎರಡು ಪಟ್ಟು ಚುರುಕು ಐತಿ, ಆದ್ರೂ ಮಾರಲಿಕ್ಕೆ ಏನೂ ಇಲ್ಲ.

ಎರಡನೇದು: ಮೂಡಲದವರು ಬಾಗಿಲಿಗೆ ಬಂದ ಥಾನಿಗೆ ಹೆಚ್ಚಂದ್ರ 2 ಕ್ವಿಂಟಲ್ ಕೊಡ್ತಾರ. ಅದರಾಗ ಬಾಡಿಗೆ ಅರ್ಧ ತಗದ್ರ ಪಡುವಲದ ಕೈಗೆ ಒಂದೂವರಿ. ಅವರಿಗೆ ಕನಿಷ್ಠ 1 ಸಿಕ್ಕರ ಸಾಕು, ಹಂಗಾಗಿ ವ್ಯಾಪಾರ ನಡೀತೈತಿ, ಹಂಚಿಕೊಳ್ಳಲಿಕ್ಕೆ ಉಳಿಯೋದು ಅರ್ಧ ಕ್ವಿಂಟಲ್ ಅಷ್ಟ. ಬಾಡಿಗೆ ಒಂದು ಕ್ವಿಂಟಲ್ ಮುಟ್ಟಿತೋ, ಇಬ್ಬರೂ ತಮ್ಮ ತಮ್ಮ ಬಟ್ಟಿ ತಾವೇ ನೇಯ್ಕೋತಾರ.